ಪದಚರ್ಚೆ: ‘ಟೈಮಿಂಗ್ ವಿಂಡೋ’ಗೆ ಏನನ್ನೋಣ? ‘ಬೇಗ’ ಅಂದರೆ ಹುಡುಗ ಇನ್ನೂ ಬೇಗ ಬೀಸುತ್ತಾನೆ

ಶಿಡ್ಲಘಟ್ಟದಿಂದ

ಎಲ್ಲರಿಗೂ ನಮಸ್ಕಾರ.

ಬಿಡುವಿದ್ದಾಗ ಫೋನಿಗೆ ಒಂದು ಸಣ್ಣ ಕ್ರಿಕೆಟ್ ಆಟ ಬರೆಯುತ್ತಿದ್ದೇನೆ. ಪರದೆ ಮೇಲೆ ಕಾಣುವುದೆಲ್ಲ ಕನ್ನಡದಲ್ಲೇ ಇರಲಿ ಅಂತ ಆಸೆ. ಓಟ, ಎಸೆತ, ಹೊಡೆತ, ದಾಂಡಿಗ ಇವೆಲ್ಲ ಪೇಪರಿನಲ್ಲಿ ಓದಿ ಅಭ್ಯಾಸವಾದ ಮಾತು, ತೊಂದರೆ ಇಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಎರಡು ಕಡೆ.

ಮೊದಲನೆಯದು. ಚೆಂಡು ಬರುತ್ತದೆ, ಆಡುವವರು ಪರದೆ ಮುಟ್ಟುತ್ತಾರೆ, ಬ್ಯಾಟು ಬೀಸುತ್ತದೆ. ಮುಟ್ಟಲು ಸರಿಯಾದ ಕ್ಷಣ ಅಂತ ಒಂದಿದೆ. ಅದರ ಹಿಂದೆ ಮುಂದೆ ಒಂದಿಷ್ಟು ಮಿಲಿಸೆಕೆಂಡು ವಿನಾಯಿತಿ ಕೊಡುತ್ತೇವೆ. ಅಷ್ಟರೊಳಗೆ ಮುಟ್ಟಿದರೆ ಹೊಡೆತ ಚೆನ್ನಾಗಿ ಕೂರುತ್ತದೆ. ಈ ವಿನಾಯಿತಿಗೆ ಆಟ ಬರೆಯುವವರು ‘ಟೈಮಿಂಗ್ ವಿಂಡೋ’ ಅನ್ನುತ್ತಾರೆ. ‘ಸಮಯದ ಕಿಟಕಿ’ ಅಂತ ಬರೆದರೆ ನನಗೇ ನಗು ಬರುತ್ತದೆ. ಕಂಡಿ? ಗಳಿಗೆ? ಎಡೆ?

ಎರಡನೆಯದು ಇನ್ನೂ ಫಜೀತಿ. ಹೊಡೆದ ಮೇಲೆ ಮುಂಚೆ ಬೀಸಿದೆಯೋ ಆಮೇಲೆ ಬೀಸಿದೆಯೋ ಅಂತ ಪರದೆಯಲ್ಲಿ ತೋರಿಸಬೇಕು. ‘ಬೇಗ’, ‘ತಡ’ ಅಂತ ಹಾಕಿದೆ. ಆರನೇ ಕ್ಲಾಸಿನ ಅಕ್ಕನ ಮಗನ ಕೈಗೆ ಕೊಟ್ಟೆ. ಮೊದಲ ಎಸೆತಕ್ಕೇ ಮುಂಚೆ ಬೀಸಿದ. ಕೆಂಪಕ್ಷರದಲ್ಲಿ ‘ಬೇಗ’ ಅಂತ ಬಂತು. ಮುಂದಿನ ಎಸೆತಕ್ಕೆ ಇನ್ನೂ ಮುಂಚೆ ಬೀಸಿದ. ಮತ್ತೆ ‘ಬೇಗ’. ಐದನೇ ಸಲಕ್ಕೆ ಫೋನನ್ನು ಹಾಸಿಗೆ ಮೇಲೆ ಎಸೆದು, “ಮಾಮ, ಎಷ್ಟು ಬೇಗ ಹೊಡೆದರೂ ಇನ್ನೂ ಬೇಗ ಅನ್ನುತ್ತೆ!” ಅಂದ. ನಾನು ತಪ್ಪು ತೋರಿಸಿದ್ದೆ, ಅವನು ಅದನ್ನು ಅಪ್ಪಣೆ ಅಂತ ಓದಿಕೊಂಡಿದ್ದ.

ಏನು ಹಾಕಲಿ?

ತಿಪಟೂರಿನಿಂದ

‘ಗಳಿಗೆ’ ಬೇಡಪ್ಪ. ಲೆಕ್ಕದಲ್ಲಿ ಒಂದು ಗಳಿಗೆ ಅಂದರೆ 24 ನಿಮಿಷ. ಅಷ್ಟೊತ್ತು ವಿನಾಯಿತಿ ಕೊಟ್ಟರೆ ನಾನೂ ಸಿಕ್ಸರ್ ಹೊಡೆದೇನು. ‘ಒಳ್ಳೇ ಗಳಿಗೆ’ ಅನ್ನುವಾಗ ಆ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ ನಿಜ. ಆದರೆ ಅದು ಪಂಚಾಂಗದ ಕಡೆಗೇ ಎಳೆಯುತ್ತದೆ.

ನನಗೆ ತೋಚಿದ್ದು ‘ಹದ’. ಮುಂಚೆಯೂ ಅಲ್ಲ, ತಡವೂ ಅಲ್ಲ, ಸರಿಯಾದ ಸ್ಥಿತಿ. ಪಾಕದ ಹದ, ಮಣ್ಣಿನ ಹದ. ಹಳೆಯ ರೂಪ ‘ಪದ’, ‘ಪದನು’. ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಹೊಲಕ್ಕೆ ‘ಪದುನು’ ಬಂತು ಅನ್ನುತ್ತಾರಲ್ಲ, ಅದೇ ಮಾತು. ನಮ್ಮಲ್ಲಿ ಪಕಾರ ಹಕಾರವಾಯಿತು, ಅವರಲ್ಲಿ ಹಾಗೇ ಉಳಿಯಿತು.

‘ಬೇಗ’ದ ಕಷ್ಟ ಹಳೆಯದು. ಅದಕ್ಕೆ ‘ವೇಗವಾಗಿ’ ಅನ್ನುವ ಅರ್ಥವೂ ಇದೆ, ‘ಹೊತ್ತಿಗೆ ಮುಂಚೆ’ ಅನ್ನುವ ಅರ್ಥವೂ ಇದೆ. ಒಂಟಿಯಾಗಿ ನಿಲ್ಲಿಸಿದರೆ ಅವಸರಪಡಿಸುವ ಮಾತಾಗುತ್ತದೆ. ‘ಬೇಗ ಆಯಿತು’ ಅಂತ ಕ್ರಿಯಾಪದ ಸೇರಿಸಿದರೆ ಸರಿಹೋಗುತ್ತದೆ.

ಗೌರಿಬಿದನೂರಿನಿಂದ

ಟೈಮಿಂಗ್ ಅಂದ್ರೆ ಟೈಮಿಂಗೇ ಸರ್, ಅದಕ್ಯಾಕೆ ಕನ್ನಡ? ನಮ್ಮ ಊರಿನ ಟೆನಿಸ್ ಬಾಲ್ ಟೂರ್ನಮೆಂಟಿಗೆ ಮೈಕ್ ಹಿಡಿಯುವವನು ನಾನೇ. ‘ಮಧ್ಯಕ್ಕೇ ಸಿಕ್ತು ನೋಡಿ’ ಅಂದರೆ ಸಾಕು, ಜನಕ್ಕೆ ಅರ್ಥ ಆಗುತ್ತೆ. ಒಂದು ಮಾತು ಕೇಳಬೇಕಿತ್ತು. ನಿಮ್ಮ ಆಟದಲ್ಲಿ ಟೆನಿಸ್ ಬಾಲ್ ಇದೆಯಾ? ಲೆದರ್ ಬಾಲಿಗೆ ಆಡಿದ ಹುಡುಗರು ನಮ್ಮ ಟೂರ್ನಮೆಂಟಿಗೆ ಬಂದರೆ ಮೊದಲ ಓವರಲ್ಲೇ ಎಲ್ಲರೂ ಮುಂಚೆ ಬೀಸಿ ಕ್ಯಾಚ್ ಕೊಡುತ್ತಾರೆ. ಅದನ್ನು ಯಾವ ಗೇಮೂ ಸರಿಯಾಗಿ ತೋರಿಸಲ್ಲ.

ಕೋಲಾರದಿಂದ

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಗೇಮ್ ಹುಚ್ಚು. ‘ಕಂಡಿ’ಯೇ ಸರಿ ಅಂತ ನನ್ನ ವಾದ. ಚೆಂಡು ಬ್ಯಾಟಿನ ಹತ್ತಿರ ಒಂದು ಜಾಗ ದಾಟಿ ಹೋಗುತ್ತದೆ, ಆ ಜಾಗವೇ ಕಂಡಿ. ಅದಕ್ಕೇ ಅಲ್ವಾ ವೇಗದ ಬೌಲರಿಗೆ ಆಡುವುದು ಕಷ್ಟ? ಚೆಂಡು ಜೋರಾಗಿ ಬಂದಷ್ಟೂ ಕಂಡಿ ಕಿರಿದಾಗುತ್ತದೆ. ಎಲ್ಲ ಗೇಮಲ್ಲೂ ಹೀಗೇ.

ಶಿಡ್ಲಘಟ್ಟದಿಂದ

ಕೋಲಾರದ ತಮ್ಮ ಹೇಳಿದ್ದು ಅರ್ಧ ನಿಜ. ‘ಎಲ್ಲ ಗೇಮಲ್ಲೂ’ ಅನ್ನುವುದನ್ನು ಬಿಡಬೇಕು. ಏಕೆಂದರೆ ವಿನಾಯಿತಿಯನ್ನು ಅಳೆಯಲು ಎರಡು ದಾರಿ ಇವೆ.

ಒಂದು, ದೂರದಲ್ಲಿ. ಚೆಂಡು ಬ್ಯಾಟಿನಿಂದ 1 ಮೀಟರ್ ಒಳಗಿರುವಾಗ ಮುಟ್ಟಿದರೆ ಸರಿ ಅನ್ನೋಣ. ವೇಗದ ಎಸೆತ ಪುಟಿದ ಮೇಲೆ ಸೆಕೆಂಡಿಗೆ 30 ಮೀಟರಿನಂತೆ ಬರುತ್ತಿದ್ದರೆ ಆ 1 ಮೀಟರ್ ದಾಟಲು 33 ಮಿಲಿಸೆಕೆಂಡು. ಸ್ಪಿನ್ ಎಸೆತ 17 ಮೀಟರಿನಂತೆ ಬಂದರೆ 59. ಇಲ್ಲಿ ವೇಗ ಹೆಚ್ಚಿದಷ್ಟೂ ಕಂಡಿ ತಾನಾಗೇ ಕಿರಿದಾಗುತ್ತದೆ. ಇನ್ನೊಂದು ದಾರಿ ಹೊತ್ತಿನಲ್ಲಿ ಅಳೆಯುವುದು. ಯಾರೇ ಎಸೆಯಲಿ, ಹಿಂದೆ ಮುಂದೆ 40 ಮಿಲಿಸೆಕೆಂಡು ಅಂತ ಇಟ್ಟರೆ ಸ್ಪಿನ್ನಿಗೂ ಅಷ್ಟೇ, ವೇಗಕ್ಕೂ ಅಷ್ಟೇ. ಆಗ ವೇಗದ ಬೌಲರ್ ಕಷ್ಟವಾಗುವುದು ಯೋಚಿಸಲು ಪುರುಸೊತ್ತು ಸಿಗುವುದಿಲ್ಲ ಅನ್ನುವ ಕಾರಣಕ್ಕೆ ಮಾತ್ರ. ನಾನು ಬರೆದಿರುವುದು ಈ ಎರಡನೆಯ ರೀತಿ. ಹಾಗಾಗಿ ‘ಕಂಡಿ’ ಅಂದರೆ ಜಾಗ ಕಣ್ಣಿಗೆ ಬರುತ್ತದೆ ಅನ್ನುವುದೇ ನನಗೆ ಅಡ್ಡಿ.

ಗೌರಿಬಿದನೂರಿನವರ ಮಾತಿಗೂ ಇದಕ್ಕೂ ನಂಟಿದೆ. ಇದಕ್ಕೂ ಮೊದಲಿನ ಆವೃತ್ತಿಯಲ್ಲಿ ನನ್ನ ಆಟ ಎಲ್ಲರಿಗೂ ‘ತಡ’ ಅನ್ನುತ್ತಿತ್ತು. ಆಡಲು ಬರದ ನಾನು ಹೋಗಲಿ, ಚೆನ್ನಾಗಿ ಆಡುವವರಿಗೂ ಅದೇ ಕಥೆ. 30 ಎಸೆತ ಆಡಿಸಿ, ಪ್ರತಿ ಸಲವೂ ಸರಿಯಾದ ಕ್ಷಣಕ್ಕೂ ಮುಟ್ಟಿದ ಕ್ಷಣಕ್ಕೂ ಇರುವ ಅಂತರ ಬರೆದಿಟ್ಟೆ. ಆಡುವವರ ಕೈ ತಪ್ಪಿದ್ದರೆ ಅಂತರ ಒಮ್ಮೆ ಆಚೆ, ಒಮ್ಮೆ ಈಚೆ ಹರಡಬೇಕು. ಇಲ್ಲಿ ಎಲ್ಲವೂ ಒಂದೇ ಕಡೆ, 50ರ ಆಸುಪಾಸಿನಲ್ಲಿ ಗುಂಪುಗಟ್ಟಿತ್ತು. ತಪ್ಪು ಕೈಯದಲ್ಲ, ನನ್ನ ಲೆಕ್ಕದ್ದು.

ಲೆಕ್ಕ ನೋಡಿ. ಗಂಟೆಗೆ 140 ಕಿ.ಮೀ. ಅಂದರೆ ಸೆಕೆಂಡಿಗೆ 38.9 ಮೀಟರ್. ಕೈಯಿಂದ ಬ್ಯಾಟಿಗೆ 17 ಮೀಟರ್ ಇಟ್ಟಿದ್ದೆ. ಸುಮ್ನೆ ಭಾಗಿಸಿ, 0.44 ಸೆಕೆಂಡಿಗೆ ಚೆಂಡು ಬರುತ್ತದೆ ಅಂತ ಸರಿಯಾದ ಕ್ಷಣವನ್ನು ಗೊತ್ತು ಮಾಡಿದ್ದೆ. ಆದರೆ ಪರದೆಯ ಮೇಲೆ ಚೆಂಡನ್ನು ಓಡಿಸುವ ಭಾಗಕ್ಕೆ ಗಾಳಿಯ ತಡೆಯೂ ಗೊತ್ತಿತ್ತು, ಪುಟಿತವೂ ಗೊತ್ತಿತ್ತು. ಆ ವೇಗದಲ್ಲಿ ಗಾಳಿ ಹಿಂದಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ಚೆಂಡಿನ ತೂಕದಷ್ಟೇ ಇರುತ್ತದೆ. 12 ಮೀಟರ್ ಬಂದು ನೆಲ ಮುಟ್ಟುವ ಹೊತ್ತಿಗೆ ವೇಗ 35.7ಕ್ಕೆ ಇಳಿದಿರುತ್ತದೆ. ಪುಟಿದಾಗ ನೂರಕ್ಕೆ 15ರಷ್ಟು ಹೋಗಲಿ ಅಂತ ಇಟ್ಟಿದ್ದೇನೆ, 30ಕ್ಕೆ ಬಂತು. ಉಳಿದ 5 ಮೀಟರ್ ಆ ವೇಗದಲ್ಲಿ. ಒಟ್ಟು 0.49 ಸೆಕೆಂಡು. ಆಗ ನನ್ನ ವಿನಾಯಿತಿಯೇ 40 ಮಿಲಿಸೆಕೆಂಡು, ಲೆಕ್ಕದ ತಪ್ಪು 50. ಕಣ್ಣಿಗೆ ಕಾಣುವ ಚೆಂಡನ್ನು ನೋಡಿ ಸರಿಯಾಗಿ ಹೊಡೆದವನಿಗೆ ಆಟ ‘ತಡ’ ಅನ್ನದೆ ಇನ್ನೇನು ಅಂದೀತು? ಈಗ ಪುಟಿದ ಮೇಲೆ ಸರಿಯಾದ ಕ್ಷಣವನ್ನು ಮತ್ತೆ ಲೆಕ್ಕ ಹಾಕುತ್ತೇನೆ.

ಟೆನಿಸ್ ಬಾಲ್ ಸದ್ಯಕ್ಕಿಲ್ಲ ಸರ್. ಆದರೆ ನೀವು ಕಂಡಿದ್ದು ಸರಿ. ಅದು 58 ಗ್ರಾಂ ಆಸುಪಾಸು, ಲೆದರ್ ಬಾಲ್ 160. ಗಾತ್ರದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಹಾಗಾಗಿ ಅದೇ ಗಾಳಿ ಹಗುರ ಚೆಂಡಿನ ವೇಗವನ್ನು ಎರಡು ಪಟ್ಟಿಗಿಂತ ಜಾಸ್ತಿ ತಗ್ಗಿಸುತ್ತದೆ. ಲೆದರಿಗೆ ಪಳಗಿದ ಕೈ ಚೆಂಡು ಬರುವ ಮುಂಚೆಯೇ ಬೀಸಿಬಿಡುತ್ತದೆ.

ತಿಪಟೂರಿನ ಮೇಷ್ಟ್ರೇ, ‘ಹದ’ ಹಿಡಿಸಿತು. ಇನ್ನೊಂದು ಮಾತು ಕೇಳುವುದು ಮರೆತಿದ್ದೆ. ಆಟಗಾರರಿಗೆ 100ಕ್ಕೆ ಇಷ್ಟು ಅಂತ ರೇಟಿಂಗ್ ಕೊಟ್ಟಿದ್ದೇನೆ. ಅದರ ಮೇಲೆ ವಿನಾಯಿತಿ ನಿಲ್ಲುತ್ತದೆ:

```
hada = 20 + 0.4 * rating
sari = abs(touch - ideal) <= hada
```

90 ಇರುವ ದಾಂಡಿಗನಿಗೆ 56 ಮಿಲಿಸೆಕೆಂಡು ಸಿಗುತ್ತದೆ. 20 ಇರುವ ಹನ್ನೊಂದನೆಯವನಿಗೆ 28. ಸರಿಯಾಗಿ ಮುಟ್ಟಿದರೂ ರೇಟಿಂಗ್ ನೋಡಿ ಕವಡೆ ಎಸೆದು ಔಟ್ ಕೊಡುವ ಆಟಗಳಿವೆ. ನನಗೆ ಅದು ಮೋಸ ಅನ್ನಿಸುತ್ತದೆ. ಈ ರೇಟಿಂಗಿಗೆ ಏನನ್ನೋಣ?

ತಿಪಟೂರಿನಿಂದ

‘ಕೌಶಲ್ಯಾಂಕ’ ಅಂತ ಬರೆಯಲು ಕೈ ಹೋಯಿತು, ಆರನೇ ಕ್ಲಾಸಿನ ಹುಡುಗ ನೆನಪಾಗಿ ನಿಲ್ಲಿಸಿದೆ. ನೀವೇ ಮೇಲೆ ‘ಪಳಗಿದ ಕೈ’ ಅಂದಿದ್ದೀರಲ್ಲ. ‘ಪಳಗಿಕೆ 90’ ಅನ್ನಿ.

ಶಿಡ್ಲಘಟ್ಟದಿಂದಲೇ, ಇನ್ನೊಬ್ಬರು

ನಾನೂ ಇದೇ ಊರಿನವಳು. ಕ್ರಿಕೆಟ್ ನನಗೆ ಗೊತ್ತಿಲ್ಲ. ‘ಹದ’ದ ಮಾತು ಬಂತಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಕೆಲಸ. ಗೂಡು ಬೇಯಿಸುವಾಗ ಹದಕ್ಕೆ ಮುಂಚೆ ತೆಗೆದರೆ ಎಳೆ ಕಡಿಯುತ್ತೆ, ಆದರೆ ಮತ್ತೆ ನೀರಿಗೆ ಹಾಕಬಹುದು. ಹದ ಮೀರಿ ಬೆಂದರೆ ಎಳೆ ಗಂಟುಗಂಟಾಗಿ ಬರುತ್ತೆ, ವೇಸ್ಟ್ ಜಾಸ್ತಿ. ಎರಡು ತಪ್ಪಿಗೂ ಒಂದೇ ಬೆಲೆ ಅಲ್ಲ. ನಿಮ್ಮ ಲೆಕ್ಕದಲ್ಲಿ ಎರಡೂ ಕಡೆ ಒಂದೇ ಥರ ಇದೆಯಲ್ಲ, ಹಾಗಿರುತ್ತಾ?

ಇನ್ನೊಂದು. ನಮ್ಮತ್ತೆಗೆ ನನಗಿಂತ ಚೆನ್ನಾಗಿ ಕೈ ಪಳಗಿದೆ. ಹಾಗಂತ ಅವರಿಗೆ ಗೂಡಿನ ಹದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹದ ಗೂಡಿನದು. ಅವರಿಗೆ ಅದು ಬರುವುದು ನನಗಿಂತ ಮುಂಚೆ ಕಣ್ಣಿಗೆ ಕಾಣುತ್ತೆ, ಅಷ್ಟೇ.

ಕೋಲಾರದಿಂದ

ಅಕ್ಕ ಹೇಳಿದ್ದು ಸರಿಯಿದ್ದರೆ ‘ಹದ’ ಬಿದ್ದುಹೋಯ್ತು, ‘ಕಂಡಿ’ ಉಳೀತು. ಕಂಡಿಯನ್ನು ಅಗಲ ಮಾಡಬಹುದು.

ಶಿಡ್ಲಘಟ್ಟದಿಂದ

ಅಕ್ಕ, ನಿಮ್ಮ ಎರಡೂ ಮಾತು ನಾಟಿದವು.

ಹೊಡೆತ ಸರಿ ಹೌದೋ ಅಲ್ಲವೋ ಅನ್ನುವಷ್ಟಕ್ಕೆ ಎರಡು ಕಡೆ ಸಮ ಇಟ್ಟಿದ್ದೇನೆ. ತಪ್ಪಿದ ಮೇಲೆ ಆಗುವುದು ಮಾತ್ರ ಬೇರೆ ಬೇರೆ. ಬಲಗೈ ದಾಂಡಿಗ ಡ್ರೈವ್ ಹೊಡೆಯುವಾಗ ಮುಂಚೆ ಬೀಸಿದರೆ ಚೆಂಡು ಲೆಗ್ ಕಡೆ ತಿರುಗಿ ಗಾಳಿಗೇರುತ್ತದೆ, ಕ್ಯಾಚ್ ಆಗಬಹುದು. ತಡವಾದರೆ ಆಫ್ ಕಡೆ ಜಾರುತ್ತದೆ, ಅಂಚಿಗೆ ತಗುಲಿ ಹಿಂದೆ ಹೋಗುತ್ತದೆ. ಯಾವುದಕ್ಕೆ ಬೆಲೆ ಜಾಸ್ತಿ ಅನ್ನುವುದು ಫೀಲ್ಡರ್ ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲಿದೆ.

ಎರಡನೇ ಮಾತಿಗೆ ಆಟವನ್ನೇ ಬದಲಿಸಿ ನೋಡಿದೆ. ವಿನಾಯಿತಿ ಎಲ್ಲರಿಗೂ 40 ಮಿಲಿಸೆಕೆಂಡು ಮಾಡಿದೆ. ಚೆಂಡು ಎಲ್ಲಿ ಪುಟಿಯುತ್ತದೆ ಅಂತ ನೆಲದ ಮೇಲೆ ಒಂದು ಚುಕ್ಕೆ ತೋರಿಸುತ್ತೇನೆ. ಪಳಗಿಕೆ 90 ಇದ್ದರೆ ಕೈಯಿಂದ ಚೆಂಡು ಬಿಟ್ಟ ತಕ್ಷಣ ಚುಕ್ಕೆ ಬರುತ್ತದೆ. 20 ಇದ್ದರೆ 150 ಮಿಲಿಸೆಕೆಂಡು ತಡವಾಗಿ. ಆಗ ‘ಹದ’ ಅನ್ನುವ ಮಾತು ಚೆಂಡಿಗೇ ಉಳಿಯುತ್ತದೆ, ಪಳಗಿಕೆ ಕಣ್ಣಿಗೆ ಹೋಗುತ್ತದೆ. ಆದರೆ ಹುಡುಗ ಎರಡು ದಿನ ಆಡಿ ಚುಕ್ಕೆ ನೋಡುವುದನ್ನೇ ಬಿಟ್ಟ. ಬೌಲರಿನ ಕೈ ನೋಡಿಯೇ ಹೊಡೆಯುತ್ತಾನೆ. ಅವನಿಗೆ ಈಗ 20ರವನೂ ಒಂದೇ, 90ರವನೂ ಒಂದೇ. ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ. ಹಳೇ ಲೆಕ್ಕಕ್ಕೇ ವಾಪಸ್ ಹೋದರೆ ಕೋಲಾರದ ತಮ್ಮನ ‘ಕಂಡಿ’ ಒಪ್ಪಿಕೊಳ್ಳಬೇಕಾದೀತು.

ಪರದೆಯ ಮಾತು ಮಾತ್ರ ಸದ್ಯಕ್ಕೆ ಹೀಗಿದೆ: ‘ಬೇಗ ಆಯ್ತು’ ಸಣ್ಣ ಪರದೆಯಲ್ಲಿ ಎರಡು ಸಾಲಾಗುತ್ತಿತ್ತು, ಅದಕ್ಕೆ ‘ಅವಸರ’ ಹಾಕಿದ್ದೇನೆ. ‘ಅವಸರ’ ಬಂದರೆ ಹುಡುಗ ನಿಧಾನ ಮಾಡುತ್ತಾನೆ. ‘ತಡ’ ಹಾಗೇ ಇದೆ. ಸರಿಯಾಗಿ ಕೂತ ಹೊಡೆತಕ್ಕೆ ‘ಹದ’ ಅಂತ ಹಾಕಿದ್ದೆ, “ಅಜ್ಜಿ ಅಡುಗೆ ಮಾಡಿದ ಹಾಗಿದೆ” ಅಂದ. ಗೌರಿಬಿದನೂರಿನವರೇ, ನಿಮ್ಮ ‘ಮಧ್ಯಕ್ಕೇ ಸಿಕ್ತು’ ಎತ್ತಿಕೊಳ್ಳಲೇ?