ತೋಟದ ಮನೆಗೆ ಯಾವ ನೆಟ್? ಫೋನ್ ತಂತಿ, ಕೇಬಲ್, ಫೈಬರ್ ಅನುಭವ ಹೇಳಿ

ಶಿರಸಿ ತಾಲೂಕಿನ ತೋಟದ ಮನೆಯಿಂದ (ಪ್ರಶ್ನೆ)

ನಮ್ಮಲ್ಲಿ ಹಳೇ ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಇದೆ. ಎಕ್ಸ್‌ಚೇಂಜಿಗೆ ತಂತಿ ಹೋದ ದಾರಿಯಲ್ಲಿ 4 ಕಿ.ಮೀ. ಆಗಬಹುದು. ಮಗಳು ಬೆಂಗಳೂರಿನ ಆಫೀಸ್ ಕೆಲಸ ಮನೆಯಿಂದಲೇ ಮಾಡುತ್ತಾಳೆ. ಮೀಟಿಂಗ್ ನಡುವೆ ಅವಳ ಮುಖ ನಿಂತುಬಿಡುತ್ತದಂತೆ. ಕೇಬಲ್ ಟಿವಿಯವರು ನಾವೂ ನೆಟ್ ಕೊಡುತ್ತೇವೆ ಎನ್ನುತ್ತಾರೆ. ಪಕ್ಕದ ಮನೆಗೆ ಫೈಬರ್ ಬಂದಿದೆ. ನಮ್ಮ ಮಳೆಗಾಲ, ನಮ್ಮ ಕರೆಂಟು ಎರಡನ್ನೂ ಲೆಕ್ಕಕ್ಕೆ ಹಿಡಿದು ಹೇಳಿ, ಯಾವುದು ಹಾಕಿಸೋಣ?

ಕುಮಟಾದಿಂದ, ಮೊದಲು ಟೆಲಿಫೋನ್ ಲೈನ್ ಕೆಲಸದಲ್ಲಿದ್ದವರು

ತಂಗೀ, ಮೊದಲು ಈಗಿನ ಲೈನ್ ಯಾಕೆ ಹಾಗೆ ಮಾಡುತ್ತದೆ ನೋಡೋಣ. ಮಾಡೆಮ್‌ಗೆ ಹಾಕಿದ ಕಂಪ್ಯೂಟರಿನಲ್ಲಿ `192.168.1.1` ತೆರೆಯಿರಿ. ಅದರೊಳಗೆ `Line Attenuation` ಮತ್ತು `SNR Margin` ಎಂಬ ಎರಡು ಸಾಲು ಇರುತ್ತವೆ.

ಮೊದಲನೆಯದು ತಂತಿಯಲ್ಲಿ ಸಿಗ್ನಲ್ ಎಷ್ಟು ಸವೆದಿದೆ ಎಂಬ ಲೆಕ್ಕ. ಸಾಮಾನ್ಯ ತಾಮ್ರದ ಜೋಡಿಯಲ್ಲಿ ಕಿಲೋಮೀಟರಿಗೆ ಹೆಚ್ಚುಕಡಿಮೆ 14 ಡಿಬಿ ಹೋಗುತ್ತದೆ. ನಿಮ್ಮ 4 ಕಿ.ಮೀ.ಗೆ 55ರ ಆಸುಪಾಸು ಬರಬೇಕು. ಅಷ್ಟು ಸವೆದ ಲೈನಿನಲ್ಲಿ 3 ಎಂಬಿಪಿಎಸ್ ಸಿಕ್ಕರೆ ಅದೇ ಪುಣ್ಯ. ಪ್ಲಾನ್ ಕಾಗದದಲ್ಲಿ ಏನೇ ಬರೆದಿರಲಿ, 24 ಸಿಗುವುದು ಎಕ್ಸ್‌ಚೇಂಜಿನ ಪಕ್ಕದ ಮನೆಗೆ.

ಎರಡನೆಯದು ಗಲಾಟೆಗಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದು. ಅದು 6ಕ್ಕಿಂತ ಕೆಳಗಿಳಿದರೆ ಲೈನ್ ಕಡಿಯುತ್ತಾ ಇರುತ್ತದೆ. ಬಿಸಿಲಿನ ದಿನ ಒಮ್ಮೆ, ಜೋರು ಮಳೆ ಬಂದ ಮೇಲೆ ಒಮ್ಮೆ ಬರೆದಿಡಿ. ಸವೆತ ಯಾವಾಗಲೂ ಅಷ್ಟೇ ಇದ್ದರೆ ಅದು ದೂರದ್ದು, ಯಾರಿಂದಲೂ ಸರಿಯಾಗದು. ಮಾರ್ಜಿನ್ ಮಳೆಗೆ ಮಾತ್ರ ಬೀಳುತ್ತಿದ್ದರೆ ಎಲ್ಲೋ ಜಾಯಿಂಟ್ ಒಳಗೆ ನೀರು ಹೋಗಿದೆ. ಫೋನ್ ಎತ್ತಿ ಕಿವಿಗಿಡಿ, ಕರಕರ ಶಬ್ದ ಕೇಳುತ್ತದೆ. ಅದನ್ನು ಸರಿ ಮಾಡಬಹುದು.

ಇನ್ನೊಂದು ಮಾತು. ಮಗಳ ಮುಖ ನಿಲ್ಲುವುದು ಡೌನ್‌ಲೋಡ್‌ನಿಂದಲ್ಲ. ಈ ಲೈನಿನಲ್ಲಿ ಮೇಲಕ್ಕೆ ಹೋಗುವ ದಾರಿ ಬಹಳ ಕಿರಿದು. ಒಳ್ಳೆಯ ಲೈನಿನಲ್ಲೇ 1 ಎಂಬಿಪಿಎಸ್ ಹತ್ತಿರ, ನಿಮ್ಮ ದೂರಕ್ಕೆ ಇನ್ನೂ ಕಡಿಮೆ. ಫೋಟೋ ಬ್ಯಾಕಪ್ ಹೋಗುತ್ತಿದ್ದರೆ ಮೀಟಿಂಗ್ ಮುಗಿದಂತೆಯೇ.

ಸಿದ್ದಾಪುರದಿಂದ

ಅಕ್ಕ, ಕಣ್ಣು ಮುಚ್ಚಿ ಫೈಬರ್ ಹಾಕಿಸಿ. ಅದರಲ್ಲಿ ಹೋಗೋದು ಬೆಳಕು, ಮಳೆ ಸಿಡಿಲು ಯಾವುದೂ ಮುಟ್ಟೋದಿಲ್ಲ. ಕೇಬಲ್ ಥರ ಊರಿನವರ ಜೊತೆ ಹಂಚಿಕೊಳ್ಳೋದೂ ಇಲ್ಲ, ನಿಮ್ಮ ಎಳೆ ನಿಮಗೇ. ಕರೆಂಟ್ ಹೋದರೂ ನಡೆಯುತ್ತೆ.

ಕಾರವಾರ, ಕೋಡಿಬಾಗದಿಂದ

ನಮ್ಮ ಮನೆಗೆ ಕೇಬಲ್ ನೆಟ್ ಇತ್ತು. ಕೇಬಲ್ ಎಂದರೆ ಯಾವ ಕೇಬಲ್ ಅಂತ ಮೊದಲು ಕೇಳಿ. ಎಲ್ಲದಕ್ಕೂ ಅವರು ಕೇಬಲ್ ನೆಟ್ ಅಂತಲೇ ಹೇಳುತ್ತಾರೆ. ಮನೆಯೊಳಗೆ ಬರುವ ವೈರ್ ನೋಡಿದರೆ ಗೊತ್ತಾಗುತ್ತೆ. ಟಿವಿಯ ದಪ್ಪ ವೈರ್, ತುದಿಯಲ್ಲಿ ತಿರುಗಿಸಿ ಹಾಕುವ ಪಿನ್ ಇದ್ದರೆ ನಿಜವಾದ ಕೇಬಲ್ ಬ್ರಾಡ್‌ಬ್ಯಾಂಡ್. ಎಂಟು ಎಳೆಯ ಲ್ಯಾನ್ ವೈರ್ ಇದ್ದರೆ, ಕಂಬದ ಮೇಲೋ ಯಾರದೋ ಮಾಳಿಗೆಯಲ್ಲೋ ಒಂದು ಸ್ವಿಚ್ ಇದೆ ಅಂತ ಅರ್ಥ. ಅದು ಒಬ್ಬರ ಮನೆಯ ಕರೆಂಟಿನಲ್ಲಿ ಓಡುತ್ತಿರುತ್ತದೆ. ಅವರು ಊರಿಗೆ ಹೋಗುವಾಗ ಮೇನ್ ಆಫ್ ಮಾಡಿದರೆ ನಿಮ್ಮ ನೆಟ್ಟೂ ಆಫ್.

ನನ್ನದು ದಪ್ಪ ವೈರ್. ಬೆಳಿಗ್ಗೆ ಚೆನ್ನಾಗಿಯೇ ಇತ್ತು. ರಾತ್ರಿ ಎಲ್ಲರೂ ಸಿನಿಮಾ ಹಚ್ಚುವ ಹೊತ್ತಿಗೆ ಕುಂಟುತ್ತಿತ್ತು. ದಾರಿಯುದ್ದಕ್ಕೂ ಆಂಪ್ಲಿಫೈಯರ್‌ಗಳು, ಅವಕ್ಕೆಲ್ಲ ಕರೆಂಟ್ ಬೇಕು. ಸಮುದ್ರದ ಗಾಳಿಗೆ ಪಿನ್ನುಗಳು ಹಸಿರುಗಟ್ಟುತ್ತವೆ. ಎಲ್ಲಕ್ಕಿಂತ ತಲೆನೋವು ಏನೆಂದರೆ, ಬೀದಿಯ ಯಾವುದೋ ಒಂದು ಮನೆಯ ಪಿನ್ ಸಡಿಲವಾದರೂ ಅಲ್ಲಿಂದ ಒಳಹೊಕ್ಕ ಗಲಾಟೆ ಮೇಲ್ದಾರಿಯಲ್ಲಿ ಸೇರಿ ಎಲ್ಲರ ಅಪ್‌ಲೋಡ್ ಹಾಳು ಮಾಡುತ್ತದೆ. ನಮ್ಮ ಬೀದಿಯಲ್ಲಿ ಯಾರ ಮನೆಯದು ಎಂದು ಕೊನೆಗೂ ಗೊತ್ತಾಗಲಿಲ್ಲ. ಪೇಟೆಯಲ್ಲೇ ಹೀಗಾದರೆ, ಒಂದೊಂದು ಮನೆ ಒಂದೊಂದು ಗುಡ್ಡದಾಚೆ ಇರುವ ನಿಮ್ಮಲ್ಲಿಗೆ ದಪ್ಪ ವೈರ್ ಎಳೆಯುವುದು ಸುಮ್ನೆ ಮಾತು.

ಅಂಕೋಲಾದಿಂದ

ನಮ್ಮಲ್ಲೂ ಇದೇ ಸಮಸ್ಯೆ. ಫೈಬರ್ ಹಾಕಿಸಿದ ಮೇಲೂ ಮೇಲಿನ ಕೋಣೆಯಲ್ಲಿ ನೆಟ್ ಬರಲ್ಲ. ಚಿರೆಕಲ್ಲಿನ ಗೋಡೆ. ಫೈಬರ್ ಸುಳ್ಳು ಅನಿಸಿಬಿಟ್ಟಿದೆ. ನನಗೆ ಯಾವ ಕಂಪನಿಗೆ ಬದಲಾಯಿಸೋದು ಹೇಳಿ.

ಹೊನ್ನಾವರದಿಂದ, ಫೈಬರ್ ಜೋಡಿಸುವ ಕೆಲಸದವರು

ಅಂಕೋಲಾದ ಅಣ್ಣ, ನಿಮ್ಮದು ವೈಫೈ ಕಥೆ, ಲೈನಿನದಲ್ಲ. ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಹಾಕಿ ನೋಡಿ. ವೈರಿನಲ್ಲಿ ಪೂರ್ತಿ ಸ್ಪೀಡ್ ಬಂದರೆ ಕಂಪನಿ ಬದಲಾಯಿಸಿ ಏನೂ ಸಿಗುವುದಿಲ್ಲ. ಮೇಲಿನ ಕೋಣೆಗೊಂದು ಲ್ಯಾನ್ ವೈರ್ ಎಳೆದು ಎರಡನೇ ರೂಟರ್ ಇಡಿ.

ಸಿದ್ದಾಪುರದ ತಮ್ಮಾ, ನಿನ್ನ ಮಾತು ಅರ್ಧ ಸರಿ. ಫೈಬರಿನಲ್ಲೂ ಹಂಚಿಕೆ ಇದೆ. ಕಂಪನಿಯ ತುದಿಯಲ್ಲಿ ಬೆಳಕು ಕಳಿಸುವ ಪೆಟ್ಟಿಗೆಗೆ ಓಎಲ್‌ಟಿ ಎನ್ನುತ್ತಾರೆ. ಅಲ್ಲಿಂದ ಹೊರಡುವುದು ಒಂದೇ ಎಳೆ, ದಾರಿಯಲ್ಲಿ ಗಾಜಿನ ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆಗೆ ಒಡೆಯುತ್ತದೆ. ಆದರೆ ಹಂಚುವ ಗಂಟು ದೊಡ್ಡದು, ಕೆಳಕ್ಕೆ ಸುಮಾರು 2.5 ಜಿಬಿಪಿಎಸ್, ಮೇಲಕ್ಕೆ 1.25. ಅದಕ್ಕೇ ರಾತ್ರಿ ಹೊತ್ತೂ ಅಷ್ಟಾಗಿ ಗೊತ್ತಾಗುವುದಿಲ್ಲ.

ಕರೆಂಟಿನ ವಿಷಯವೂ ಹಾಗೇ. ನಡುವಿನ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಕಾಡಿನ ನಡುವೆ ಕಂಬಕ್ಕೆ ನೇತುಹಾಕಿ ಬರಬಹುದು. ನಮ್ಮ ಜಿಲ್ಲೆಗೆ ಇದೇ ದೊಡ್ಡ ಲಾಭ. ಆದರೆ ಎರಡು ತುದಿಗೂ ಬೇಕು. ನಿಮ್ಮ ಮನೆಯ ಡಬ್ಬಿ ಹೆಚ್ಚಾಗಿ 12 ವೋಲ್ಟಿನದು, ಸಣ್ಣ ಯುಪಿಎಸ್ ಅಥವಾ ಇನ್ವರ್ಟರ್ ಸಾಕು. ಆ ತುದಿಯ ಓಎಲ್‌ಟಿ ಎಲ್ಲಿದೆ, ಎಕ್ಸ್‌ಚೇಂಜಿನ ಬ್ಯಾಟರಿಯ ಮೇಲೋ, ಯಾರದೋ ಅಂಗಡಿಯ ಹಿಂದಿನ ಕೋಣೆಯಲ್ಲೋ ಎಂದು ಕೇಳಿ. ಇದನ್ನು ಯಾರೂ ಕೇಳುವುದಿಲ್ಲ.

ಸಿಡಿಲು ಗಾಜಿಗೆ ತಾಗದು, ನಿಜ. ಆದರೆ ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲಿನಲ್ಲಿ ಭಾರ ಹೊರುವ ಉಕ್ಕಿನ ತಂತಿ ಇರುತ್ತದೆ. ಅದನ್ನು ಮಾಡಿನ ಹೊರಗೇ ಕತ್ತರಿಸಿ ಕಟ್ಟಬೇಕು, ಡಬ್ಬಿಯವರೆಗೆ ತರಬಾರದು. ಅಡಾಪ್ಟರಿನ ಮೂಲಕ ಸಿಡಿಲು ಬರುವುದಂತೂ ಇದ್ದೇ ಇದೆ, ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಅಕ್ಕ, ನಿಮಗೆ ಫೈಬರೇ ಸರಿ. ಆದರೆ ಒಪ್ಪುವ ಮೊದಲು ಪಕ್ಕದ ಮನೆಯ ಡಬ್ಬಿಯ ಪೇಜಿನಲ್ಲಿ `Rx Power`, ಅಂದರೆ ಅಲ್ಲಿಗೆ ಬಂದು ತಲುಪುವ ಬೆಳಕು, ಎಷ್ಟಿದೆ ನೋಡಿ ಬನ್ನಿ.

ಶಿರಸಿ ತಾಲೂಕಿನ ತೋಟದ ಮನೆಯಿಂದ

ನೋಡಿ ಬಂದೆ. `-24.8 dBm` ಅಂತ ಇದೆ. ಕಂಬದ ಡಬ್ಬಿಯಲ್ಲಿ ಪೋರ್ಟ್ ಖಾಲಿ ಇಲ್ಲವಂತೆ. ಪಕ್ಕದ ಮನೆಗೆ ಬಂದ ಎಳೆಗೇ ಸಣ್ಣ ಸ್ಪ್ಲಿಟರ್ ಹಾಕಿ ನಮಗೆ ಕೊಡುತ್ತೇನೆ ಎನ್ನುತ್ತಾರೆ ಹುಡುಗರು. ಹಾಕಿಸಬಹುದಾ? ಕುಮಟಾದ ಮಾವ ಹೇಳಿದ ಹಾಗೆ ನಮ್ಮ ಮಾಡೆಮ್ಮನ್ನೂ ನೋಡಿದೆ, ಸವೆತ 57, ಮಾರ್ಜಿನ್ 7. ಮಳೆ ಬಂದ ಮೇಲೆ 4.

ಹೊನ್ನಾವರದಿಂದ

ಬೇಡ, ಒಪ್ಪಬೇಡಿ. ಮನೆಯ ಡಬ್ಬಿ ಓದಬಲ್ಲ ಕನಿಷ್ಠ ಬೆಳಕು ಸಾಮಾನ್ಯವಾಗಿ -27. ಎರಡಕ್ಕೆ ಒಡೆಯುವ ಸ್ಪ್ಲಿಟರ್ ಒಂದೇ 3.5 ಡಿಬಿ ತಿನ್ನುತ್ತದೆ. -24.8 ಇದ್ದದ್ದು -28.3 ಆಗುತ್ತದೆ. ನಿಮಗೂ ಬರುವುದಿಲ್ಲ, ಇದ್ದ ಪಕ್ಕದ ಮನೆಯದ್ದೂ ಹೋಗುತ್ತದೆ. ಮೊದಲ ದಿನ ಹೇಗೋ ಹಸಿರು ದೀಪ ಹತ್ತಿದರೂ ಮಳೆಗಾಲದಲ್ಲಿ ಬೆಳಕು ಸಾಲದು ಎನ್ನುವ ಕೆಂಪು `LOS` ದೀಪ ಮಿನುಗುತ್ತದೆ.

ನನಗೆ ಆ -24.8 ಮೇಲೇ ಅನುಮಾನ. ಲೆಕ್ಕ ಹಾಕಿ ನೋಡಿ. ಓಎಲ್‌ಟಿಯಿಂದ +3 ಹೊರಡುತ್ತದೆ ಎಂದಿಟ್ಟುಕೊಳ್ಳಿ. ಫೈಬರ್ ದಾರಿ 6 ಕಿ.ಮೀ. ಇದ್ದರೂ 2 ಡಿಬಿ ದಾಟದು. ತಾಮ್ರಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲೇ ಇರೋದು. ತಿನ್ನುವುದು ಸ್ಪ್ಲಿಟರ್‌ಗಳು. ಎಂಟರದ್ದು ಒಂದು, ಮುಂದೆ ಮತ್ತೆ ಎಂಟರದ್ದು ಒಂದು, ತಲಾ 10.5 ಹಿಡಿದರೆ 21. ಜಾಯಿಂಟು, ಕನೆಕ್ಟರು ಎಲ್ಲ ಸೇರಿ 2. ಒಟ್ಟು 25 ಹೋಯಿತು, -22 ಬರಬೇಕಿತ್ತು. ಸುಮಾರು 3 ಡಿಬಿ ದಾರಿಯಲ್ಲಿ ಎಲ್ಲೋ ಸೋರುತ್ತಿದೆ.

ನಾನು ಕಂಡಂತೆ ಕಾರಣ ಮೂರರಲ್ಲಿ ಒಂದು. ಕನೆಕ್ಟರಿನ ತುದಿಯಲ್ಲಿ ಧೂಳು, ಅಥವಾ ಹಸಿರು ಕನೆಕ್ಟರಿಗೆ ನೀಲಿ ಸಿಕ್ಕಿಸಿದ್ದು. ಹಸಿರಿನ ತುದಿ ಓರೆ, ನೀಲಿಯದ್ದು ನೇರ, ಎರಡೂ ಕೂಡುವುದಿಲ್ಲ. ಮೂರನೆಯದು ಎಳೆ ಎಲ್ಲೋ ಬಿಗಿಯಾಗಿ ಮಡಿಸಿದ್ದು, ಬಾಗಿಲ ಸಂದಿಯಲ್ಲೋ, ಮರ ಒರಗಿದ ಕಡೆಯೋ. ಪವರ್ ಮೀಟರ್ ತಂದು ಮೊದಲು ಕಂಬದ ಡಬ್ಬಿಯಲ್ಲಿ, ಆಮೇಲೆ ಮನೆಯಲ್ಲಿ ಅಳೆಯಲು ಹೇಳಿ. ಕಂಬದಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಬಿದ್ದರೆ ತಪ್ಪು ಡ್ರಾಪ್ ಕೇಬಲಿನದು. ಕಂಬದಲ್ಲೇ ಕಡಿಮೆ ಇದ್ದರೆ ನಿಮ್ಮಿಂದ ಆಗುವಂಥದ್ದು ಏನಿಲ್ಲ, ಅವರೇ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ಎಳೆಯ ತುದಿಗೆ ಕಣ್ಣಿಟ್ಟು ಬೆಳಕು ಇದೆಯಾ ಅಂತ ಮಾತ್ರ ಯಾರೂ ನೋಡಬೇಡಿ. ಕಾಣದ ಬೆಳಕು ಅದು, ಕಣ್ಣಿಗೆ ಒಳ್ಳೆಯದಲ್ಲ.

ನಿಮಗೆ ಬೇಕಾದ್ದು ಕಂಬದ ಡಬ್ಬಿಯಿಂದ ಸ್ವಂತ ಪೋರ್ಟ್. ಖಾಲಿ ಇಲ್ಲದಿದ್ದರೆ ಓಎಲ್‌ಟಿ ಕಡೆಯಿಂದ ಇನ್ನೊಂದು ಎಳೆ, ಇನ್ನೊಂದು ಡಬ್ಬಿ.

ಕುಮಟಾದಿಂದ

57, ಮಳೆಗೆ 4. ಹಾಗಾದರೆ ನಿಮ್ಮಲ್ಲಿ ದೂರವೂ ಇದೆ, ನೀರು ಹೋದ ಜಾಯಿಂಟೂ ಇದೆ. ಜಾಯಿಂಟ್ ಸರಿ ಮಾಡಿಸಿದರೆ ಕಡಿಯುವುದು ನಿಲ್ಲುತ್ತದೆ, ಸ್ಪೀಡ್ ಬರುವುದಿಲ್ಲ. ಆದರೂ ನಾನಾದರೆ ಆ ಲೈನ್ ಬಿಡುವುದಿಲ್ಲ. ತಾಮ್ರ ಕಡಿದರೆ ಏಣಿ ಹತ್ತಿ ಕೈಯಲ್ಲೇ ತಿರುಚಿ ಸೇರಿಸಬಹುದಿತ್ತು. ಫೈಬರ್ ಮೇಲೆ ಮರ ಬಿದ್ದರೆ ಸ್ಪ್ಲೈಸಿಂಗ್ ಮೆಷಿನ್ ಬರುವವರೆಗೆ ಕಾಯಬೇಕು. ಆಷಾಢದ ಮಳೆಯಲ್ಲಿ ಆ ಮೆಷಿನ್ ಯಾರ ಮನೆಯ ಸರದಿಯಲ್ಲಿರುತ್ತದೋ.

ಸಿದ್ದಾಪುರದಿಂದ

3 ಎಂಬಿಪಿಎಸ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟೋದು ಯಾಕೆ ಮಾವ? ಫೈಬರ್ ಹೋದ ದಿನ ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ.

ಕುಮಟಾದಿಂದ

ಮೊಬೈಲ್ ಸಿಗ್ನಲ್ ಬರುವ ಮನೆಯಾಗಿದ್ದರೆ ಅವರು ಇಲ್ಲಿ ಕೇಳುತ್ತಲೇ ಇರಲಿಲ್ಲವೇನೋ.

ಶಿರಸಿ ತಾಲೂಕಿನ ತೋಟದ ಮನೆಯಿಂದ

ಸಿಗ್ನಲ್ ಅಂಗಳದ ಮೂಲೆಯಲ್ಲಿ ಒಂದು ಕಡ್ಡಿ ಬರುತ್ತದೆ, ಒಳಗೆ ಇಲ್ಲ. ಲ್ಯಾಂಡ್‌ಲೈನ್ ಸದ್ಯ ಇರಲಿ, ಜಾಯಿಂಟಿಗೆ ದೂರು ಬರೆಸಿದ್ದೇನೆ. ಫೈಬರ್ ಹುಡುಗರಿಗೆ -28.3ರ ಲೆಕ್ಕ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮೀಟರ್ ತರುತ್ತೇವೆ ಎಂದರು. ಓಎಲ್‌ಟಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಒಬ್ಬ ಎಕ್ಸ್‌ಚೇಂಜ್ ಎಂದ, ಇನ್ನೊಬ್ಬ ಸೊಸೈಟಿ ಪಕ್ಕದ ಕಟ್ಟಡ ಎಂದ. ಮುಂದಿನ ಸಲ ಕರೆಂಟ್ ಹೋದಾಗ ಪಕ್ಕದ ಮನೆಯ ಡಬ್ಬಿಯನ್ನು ಇನ್ವರ್ಟರ್ ಮೇಲಿಟ್ಟು, ಅದರ ದೀಪ ಎಷ್ಟು ಹೊತ್ತು ಹಸಿರಾಗಿರುತ್ತದೆ ಎಂದು ನೋಡುತ್ತೇನೆ.