ಸಹಾಯ ಬೇಕು: ಇಬ್ಬರು ವಿಮರ್ಶಕರು ಎರಡು ದಿಕ್ಕಿಗೆ, ಲೇಖಕರಿಗೆ ಹೇಗೆ ಬರೆಯಲಿ?

ನಮಸ್ಕಾರ. ಕಾಸರಗೋಡಿನ ಸಣ್ಣ ಸಂಶೋಧನ ಪತ್ರಿಕೆಯೊಂದರ ಸಂಪಾದಕ ನಾನು. ನಮ್ಮ ಕಡೆಯ ಸುರಂಗಗಳ ಬಗ್ಗೆ, ಅಂದರೆ ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ವ್ಯವಸ್ಥೆಯ ಬಗ್ಗೆ, ನಿವೃತ್ತ ಅಧ್ಯಾಪಕರೊಬ್ಬರು ಲೇಖನ ಕಳುಹಿಸಿದ್ದಾರೆ. ಹನ್ನೆರಡು ಸುರಂಗಗಳ ನೀರನ್ನು ಅಳೆದು, ಇವು ಬೇಸಗೆಯಲ್ಲೂ ಬತ್ತುವುದಿಲ್ಲ ಎಂದು ತೀರ್ಮಾನಿಸಿದ್ದಾರೆ.

ಮೊದಲ ವಿಮರ್ಶಕರು ಸಣ್ಣ ತಿದ್ದುಪಡಿಯೊಡನೆ ಪ್ರಕಟಿಸಿ ಎಂದರು. ಎರಡನೆಯವರು ತಿರಸ್ಕರಿಸಿ ಎಂದರು: ಅಳತೆಗಳೆಲ್ಲ ಅಕ್ಟೋಬರ್‌ನಿಂದ ಜನವರಿಯವರೆಗಿನವು, ಏಪ್ರಿಲ್, ಮೇ ತಿಂಗಳುಗಳೇ ಇಲ್ಲ. ಕೋಷ್ಟಕ ನೋಡಿದೆ, ಮಾತು ನಿಜ. ಮೊದಲನೆಯವರು ಇದನ್ನು ಅಲ್ಲಗಳೆದಿಲ್ಲ, ಗಮನಿಸಿಯೇ ಇಲ್ಲ. ಆದ್ದರಿಂದ ಇದು ಮತ ಎಣಿಸುವ ಪ್ರಶ್ನೆಯಲ್ಲ. ಮೂರನೆಯ ವಿಮರ್ಶಕರೂ ಬೇಕೆನಿಸಲಿಲ್ಲ. ಆದರೆ ಅಳತೆ ಕೆಟ್ಟಿಲ್ಲ, ತೀರ್ಮಾನ ಮಾತ್ರ ಅಳತೆಯನ್ನು ಮೀರಿದೆ. ಹಾಗಾಗಿ ದೊಡ್ಡ ಪರಿಷ್ಕರಣೆ ಕೇಳಲು ನಿರ್ಧರಿಸಿದ್ದೇನೆ.

ಪತ್ರದ ಮುಖ್ಯ ಭಾಗ ಹೀಗಿದೆ: “ಎರಡನೆಯ ವಿಮರ್ಶಕರ ಮೊದಲ ಆಕ್ಷೇಪವನ್ನು ಒಪ್ಪಿದ್ದೇನೆ. ಬೇಸಗೆಯ ಅಳತೆ ಸೇರಿಸಿ, ಇಲ್ಲವೇ ತೀರ್ಮಾನವನ್ನು ಮಳೆಗಾಲದ ನಂತರದ ನಾಲ್ಕು ತಿಂಗಳಿಗೆ ಸೀಮಿತಗೊಳಿಸಿ. ಅವರು ಕೇಳಿದ ಭೂಗರ್ಭ ಸಮೀಕ್ಷೆ ಕಡ್ಡಾಯವಲ್ಲ.”

ನನ್ನನ್ನು ಕಾಡುತ್ತಿರುವುದು ಇನ್ನೊಂದು. ಎರಡನೆಯ ವರದಿಯಲ್ಲಿ ‘ಹವ್ಯಾಸಿಯ ಕೆಲಸ’ ಎಂಬ ಮಾತಿದೆ. ಬಿಸಿಲಲ್ಲಿ ಗುಡ್ಡ ಹತ್ತಿ ಅಳೆದ ಹಿರಿಯರು ಅದನ್ನು ಓದುವುದು ನನಗೆ ಇಷ್ಟವಿಲ್ಲ. ವಿಮರ್ಶಕರಿಗೆ ತಿಳಿಸದೆ ವರದಿಯನ್ನು ತಿದ್ದುವುದೂ ಸರಿಯಲ್ಲ. ಅವರಿಗೇ ಬರೆದು ಆ ಪದ ತೆಗೆಯಲು ಕೇಳಿದ ಅನುಭವ ಯಾರಿಗಾದರೂ ಇದೆಯೇ? ಯಾವ ಮಾತಿನಲ್ಲಿ ಕೇಳಿದಿರಿ, ಅವರು ಒಪ್ಪದಿದ್ದರೆ ಏನು ಮಾಡಿದಿರಿ? ದಯವಿಟ್ಟು ತಿಳಿಸಿ.