ಕನಸಲ್ಲಿ ಎಷ್ಟು ಹುಡುಕಿದರೂ ಒಂದು ಸರಿಯಾದ ಟಾಯ್ಲೆಟ್ ಸಿಗೋದಿಲ್ಲ, ಯಾಕೆ?

ಪ್ರಶ್ನೆ: ಶಾಲಾ ಶಿಕ್ಷಕಿ, ದಾವಣಗೆರೆ

ವಯಸ್ಸು 41. ವಾರಕ್ಕೆ ಎರಡು ಮೂರು ಸಲ ಒಂದೇ ಜಾತಿಯ ಕನಸು. ಯಾವುದೋ ಮದುವೆ ಛತ್ರ, ನನಗೆ ಜೋರಾಗಿ ಒಂದಕ್ಕೆ ಬಂದಿದೆ. ಮೊದಲ ಬಾಗಿಲು ತೆಗೆದರೆ ಒಳಗೆ ಬಾಳೆಎಲೆ ರಾಶಿ. ಎರಡನೆಯದಕ್ಕೆ ಚಿಲಕ ಇಲ್ಲ. ಮೂರನೆಯದು ಲಕಲಕ ಅಂತಿದೆ, ಆದರೆ ಊಟದ ಹಾಲಿನ ನಟ್ಟನಡುವೆ ಇದೆ, ಸುತ್ತ ನೆಂಟರು ಪಂಕ್ತಿಯಲ್ಲಿ ಕೂತಿದ್ದಾರೆ. ಎಚ್ಚರವಾದರೆ ನಾಲ್ಕೂವರೆ, ನಿಜವಾಗಿಯೂ ತಡೆಯಲಾರದಷ್ಟು ಬಂದಿರುತ್ತೆ. ಕನಸೇ ಆದ ಮೇಲೆ ಒಂದು ಒಳ್ಳೆ ಟಾಯ್ಲೆಟ್ ಕೊಡಬಾರದಾ ಡಾಕ್ಟ್ರೇ? ಕೊಟ್ಟುಬಿಟ್ಟರೆ ಹಾಸಿಗೆ ಗತಿ ಏನು ಅನ್ನೋ ಹೆದರಿಕೆಯೂ ಇದೆ.

ನಿದ್ರಾರೋಗ ವೈದ್ಯೆ, ಮೈಸೂರು

ಅವಸರ ಮೂತ್ರಕೋಶದ್ದು, ಛತ್ರ ನಿಮ್ಮ ನೆನಪಿನದು ಮೇಡಂ. ಇವೆರಡನ್ನೂ ಬೇರೆಬೇರೆ ಮಾಡಿ ನೋಡಿದರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತೆ.

ಮೊದಲು ಗಂಟೆ ನೋಡಿ. ಕನಸು ದಟ್ಟವಾಗಿ ಬೀಳುವ ನಿದ್ರೆ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುವ ನಿದ್ರೆ, ಸುಮಾರು ಒಂದೂವರೆ ಗಂಟೆಗೊಮ್ಮೆ ಬರುತ್ತೆ. ರಾತ್ರಿ ಮೊದಲ ಭಾಗದಲ್ಲಿ ಅದು ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಅರ್ಧ ಗಂಟೆವರೆಗೂ ಎಳೆಯುತ್ತೆ. ಹನ್ನೊಂದಕ್ಕೆ ಮಲಗಿದವರ ಮೂತ್ರಕೋಶ ತುಂಬಿಕೊಳ್ಳುವುದೂ ಅದೇ ಹೊತ್ತಿಗೆ. ಹಾಗಾಗಿ ನಾಲ್ಕೂವರೆ ಎಂದರೆ ನನಗೇನೂ ಆಶ್ಚರ್ಯವಿಲ್ಲ.

ಮೈಗೆ ತಗುಲಿದ್ದು ಕನಸಿನೊಳಗೆ ಹೇಗೆ ನುಗ್ಗುತ್ತೆ ಅನ್ನೋದಕ್ಕೆ 1958ರಲ್ಲಿ ಅಮೆರಿಕದ ಡೆಮೆಂಟ್ ಮತ್ತು ವೋಲ್ಪರ್ಟ್ ಮಾಡಿದ ಪ್ರಯೋಗ ನೆನಪಾಗುತ್ತೆ. ಕನಸಿನ ನಿದ್ರೆಯಲ್ಲಿದ್ದವರ ಮೇಲೆ ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿ ಏನು ಕನಸು ಬಿತ್ತು ಅಂತ ಕೇಳಿದರು. ಒಬ್ಬನಿಗೆ ಬಿದ್ದ ಕನಸಲ್ಲಿ ನಾಟಕ ನಡೀತಿತ್ತು. ನಾಯಕಿ ಇದ್ದಕ್ಕಿದ್ದಂತೆ ಕುಸಿದಳು, ಅವಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಇವನು ಓಡಿಹೋದರೆ ಇವನ ಬೆನ್ನಿಗೂ ತಲೆಗೂ ಬಿತ್ತು, ನೋಡಿದರೆ ಚಾವಣಿ ಸೋರುತ್ತಿದೆ! ನೀರು ನಾಟಕವನ್ನು ಬರೆಯಲಿಲ್ಲ. ನಾಟಕ ಮೊದಲೇ ಓಡುತ್ತಿತ್ತು, ಬಿದ್ದ ನೀರಿಗೆ ಅದು ಒಂದು ಕಾರಣ ಹೊಂದಿಸಿಕೊಂಡಿತು. ಇನ್ನೊಂದು ಮಾತು, ನೀರು ಕನಸಿನೊಳಗೆ ಬಂದದ್ದು ನೂರಕ್ಕೆ 42 ಸಲ ಮಾತ್ರ. ಮಿಕ್ಕ ಸಲ ಕನಸು ಕ್ಯಾರೇ ಅನ್ನಲಿಲ್ಲ.

ಮೂತ್ರಕೋಶ ಒಂದು ಚಿಮುಕಿಗೆ ನಿಲ್ಲುವುದಿಲ್ಲ, ಅದು ನಿಮಿಷ ನಿಮಿಷಕ್ಕೂ ಹೆಚ್ಚುವ ಒತ್ತಾಯ. ಕಥೆಯೂ ಅದಕ್ಕೆ ತಕ್ಕಂತೆ ಬಾಗಿಲಿಂದ ಬಾಗಿಲಿಗೆ ಹೋಗುತ್ತೆ. ಒಳ್ಳೆ ಬಾಗಿಲು ಯಾಕೆ ಸಿಗಲ್ಲ ಅನ್ನೋದಕ್ಕೆ ನನ್ನ ಊಹೆ ಹೇಳ್ತೀನಿ, ಊಹೆ ಅಂತಲೇ ತಗೊಳ್ಳಿ. ಎರಡು ಮೂರು ವರ್ಷದ ಮಗುವಾಗಿದ್ದಾಗಿನಿಂದ ನಾವು ಕಲಿತದ್ದು ಒಂದೇ ಪಾಠ: ಇಲ್ಲಲ್ಲ, ಈಗಲ್ಲ. ಬಿಡುವ ಆಜ್ಞೆ ಮಿದುಳಿನ ಕಾಂಡದಿಂದ ಬರುತ್ತೆ, ಅದಕ್ಕೆ ಮೇಲಿನ ಮಿದುಳಿನ ಒಪ್ಪಿಗೆ ಬೇಕು. ಆ ತಡೆ ನಿದ್ರೆಯಲ್ಲೂ ಪೂರ್ತಿ ಸಡಿಲ ಆಗೋದಿಲ್ಲ. ಒಂದು ಕಡೆ 'ಹೋಗು', ಇನ್ನೊಂದು ಕಡೆ 'ಇಲ್ಲಿ ಬೇಡ', ಎರಡೂ ಒಟ್ಟಿಗೆ ಬಂದಾಗ ಕನಸು ಎರಡನ್ನೂ ನಿಜ ಮಾಡುತ್ತೆ. ಟಾಯ್ಲೆಟ್ಟೂ ಇರುತ್ತೆ, ಪಂಕ್ತಿಯಲ್ಲಿ ನೆಂಟರೂ ಇರುತ್ತಾರೆ.

ಹಾಸಿಗೆ ಬಗ್ಗೆ ಹೆದರಬೇಡಿ. ಕನಸಿನ ನಿದ್ರೆಯಲ್ಲಿ ಕೈಕಾಲು ಸೋತು ಬಿದ್ದಿರುತ್ತವೆ, ಮೂತ್ರ ಹಿಡಿಯುವ ಸ್ನಾಯು ಅಷ್ಟು ಸಡಿಲ ಆಗೋದಿಲ್ಲ. ಒಂದು ಕೆಲಸ ಮಾಡಿ. ಮೂರು ದಿನ ಅಳತೆಯ ಜಗ್ಗಿನಲ್ಲಿ ಹಿಡಿದು ಗಂಟೆ, ಪ್ರಮಾಣ ಬರೆದಿಡಿ. ಮಲಗುವ ಮುಂಚೆ ಹೋದದ್ದು ಹಗಲಿನ ಲೆಕ್ಕಕ್ಕೆ, ಬೆಳಿಗ್ಗೆ ಎದ್ದು ಮೊದಲು ಹೋದದ್ದು ರಾತ್ರಿಯ ಲೆಕ್ಕಕ್ಕೆ. ಇಲ್ಲೇ ಬಹಳ ಜನ ತಪ್ಪುತ್ತಾರೆ.

ಮನಃಶಾಸ್ತ್ರ ಓದಿದವರು, ಧಾರವಾಡ

ಫ್ರಾಯ್ಡ್ ಇದನ್ನ ಎಂದೋ ಹೇಳಿಬಿಟ್ಟಾರ್ರೀ. ಕನಸು ನಿದ್ದೆಯ ಕಾವಲುಗಾರ. ಬಾಯಾರಿದವ ಕನಸಿನ್ಯಾಗ ನೀರು ಕುಡೀತಾನ, ಏಳೂದು ತಪ್ಪತದ. ಇದೂ ಹಂಗ, ನಿದ್ದಿ ಕೆಡಬಾರದು ಅಂತ ಕನಸು ಹುಡುಕಾಟ ಹಚ್ಚೇತಿ. ಎಲ್ಲಾ ಟಾಯ್ಲೆಟ್ ಕನಸೂ ಮೂತ್ರಕೋಶದ್ದ, ಮತ್ತೇನೂ ಇಲ್ಲ.

ವೈದ್ಯೆ, ಮೈಸೂರು

ಫ್ರಾಯ್ಡ್ ಹಾಗೆ ಹೇಳಿದ್ದು ನಿಜ ಸರ್. ಫ್ರಾಯ್ಡ್ ಹಂಗೇರಿಯ ಒಂದು ಹಾಸ್ಯಪತ್ರಿಕೆಯ ಚಿತ್ರಮಾಲೆಯನ್ನೂ ಉದಾಹರಣೆಗೆ ತಗೊಂಡಿದ್ದ. ದಾದಿಯ ಕನಸಲ್ಲಿ ಮಗು ರಸ್ತೆ ಬದಿ ಒಂದಕ್ಕೆ ಹೋಗುತ್ತೆ, ಹರಿದ ನೀರು ಹೊಳೆಯಾಗಿ ದೋಣಿ ತೇಲುತ್ತೆ, ಕೊನೆಗೆ ಹಡಗೇ ಬರುತ್ತೆ. ಅಸಲಿಗೆ ಪಕ್ಕದಲ್ಲಿ ಮಗು ಅಳುತ್ತಾ ಅವಳನ್ನು ಎಬ್ಬಿಸುತ್ತಿದೆ.

ಆದರೆ ಕಾವಲು ಕಾಯುವ ಕನಸಾಗಿದ್ದರೆ ಮೇಡಂಗೆ ಒಂದೇ ಬಾಗಿಲಲ್ಲಿ ನೆಮ್ಮದಿ ಕೊಟ್ಟು ಮಲಗಿಸಬೇಕಿತ್ತು. ಇದು ಗಾಬರಿ ಹೆಚ್ಚಿಸಿ ಎಬ್ಬಿಸುತ್ತಿದೆ, ಕಾವಲುಗಾರನಿಗಿಂತ ಅಲಾರಂ ಥರ. ಅಥವಾ ಎಬ್ಬಿಸಿದ್ದು ಮೂತ್ರಕೋಶವೇ ಇರಬಹುದು, ಕನಸು ಬರೀ ಜೊತೆಗಿತ್ತು. ಇವೆರಡನ್ನು ಬೇರ್ಪಡಿಸೋದು ನನಗೆ ಸಾಧ್ಯವಾಗಿಲ್ಲ.

ಗುತ್ತಿಗೆದಾರರು, ತುಮಕೂರು

ಮೇಡಂ, ನಿಮ್ಮ ಮನೆ ಟಾಯ್ಲೆಟ್ ಈಶಾನ್ಯದಲ್ಲಿದೆಯಾ? ಇದ್ದರೆ ಬದಲಾಯಿಸೋದು ಒಳ್ಳೇದು. ಅಳತೆ ಕಳಿಸಿದರೆ ಅಂದಾಜು ಖರ್ಚು ಹೇಳ್ತೀನಿ.

ಶಿಕ್ಷಕಿ, ದಾವಣಗೆರೆ

ಅಣ್ಣಾ, ಮನೆ ಟಾಯ್ಲೆಟ್ ಸರಿಯಾಗೇ ಇದೆ. ಸಿಗದೇ ಇರೋದು ಕನಸಿಂದು!

ನಿವೃತ್ತ ಬಸ್ ಕಂಡಕ್ಟರ್, ಹಾಸನ

ನನಗೆ 63. ನನ್ನ ಕನಸಲ್ಲಿ ಛತ್ರ ಇಲ್ಲ, ಬಸ್ ಸ್ಟ್ಯಾಂಡ್. ಶೌಚಾಲಯದ ಮುಂದೆ ದುಡ್ಡು ಇಸ್ಕೊಳೋನು ಚಿಲ್ಲರೆ ಕೇಳ್ತಾನೆ, ನನ್ನ ಬ್ಯಾಗಲ್ಲಿ ಟಿಕೆಟ್ ಬಿಟ್ಟರೆ ಏನೂ ಇರಲ್ಲ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೀತಾನೆ. ರಾತ್ರಿ ಮೂರು ಸಲ ಏಳ್ತೀನಿ. ನಾನೂ ಅಳೆದು ನೋಡಿದೆ. ದಿನಕ್ಕೆ 1,800 ಮಿಲಿ, ಅದರಲ್ಲಿ ರಾತ್ರಿದೇ 850. ಸಾಯಂಕಾಲ ಕಾಲು ಊದಿ ಸಾಕ್ಸಿನ ಗುರುತು ಬೀಳುತ್ತೆ. ಬಿಪಿಗೆ ಅಮ್ಲೋಡಿಪಿನ್ ತಗೊಳ್ತೀನಿ.

ವೈದ್ಯೆ, ಮೈಸೂರು

ನಿಮ್ಮದು ಬೇರೆ ಸಂಗತಿ ಯಜಮಾನರೇ. ಹತ್ತಿರ ಹತ್ತಿರ ಅರ್ಧದಷ್ಟು ರಾತ್ರಿಯೇ ಹೋಗ್ತಿದೆ. ನಿಮ್ಮ ವಯಸ್ಸಿಗೆ ಮೂರರಲ್ಲಿ ಒಂದು ಪಾಲು ದಾಟಿದರೆ ನಾವು ಕಾರಣ ಹುಡುಕ್ತೀವಿ. ಕಾಲಲ್ಲಿ ನಿಂತ ನೀರು ಮಲಗಿದಾಗ ರಕ್ತಕ್ಕೆ ವಾಪಸ್ ಬಂದು ಮೂತ್ರಪಿಂಡದಲ್ಲಿ ಇಳಿಯುತ್ತೆ. ಕಾಲು ಊದಿಸುವುದರಲ್ಲಿ ಆ ಮಾತ್ರೆಯ ಕೈವಾಡವೂ ಇರಬಹುದು, ಆದರೆ ನೀವಾಗಿ ನಿಲ್ಲಿಸಬೇಡಿ. ಈ ಲೆಕ್ಕದ ಚೀಟಿ ತಗೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ. ಸಕ್ಕರೆ, ಹೃದಯ, ಪ್ರಾಸ್ಟೇಟ್ ನೋಡಿಸಿ. ಗೊರಕೆ ನಡುವೆ ಉಸಿರು ನಿಲ್ಲುತ್ತಾ ಅಂತ ಮನೆಯವರನ್ನು ಕೇಳಿ, ಅದೂ ರಾತ್ರಿ ಮೂತ್ರ ಹೆಚ್ಚಿಸುತ್ತೆ. ಅಲ್ಲಿಯವರೆಗೆ ಸಾಯಂಕಾಲ ಒಂದು ಗಂಟೆ ಕಾಲು ಎತ್ತರಿಸಿ ಮಲಗಿ, ನಿಂತ ನೀರು ಮಲಗುವ ಮುಂಚೆಯೇ ಇಳಿದುಹೋಗಲಿ.

ಏಳು ವರ್ಷದ ಹುಡುಗನ ತಾಯಿ, ಶಿವಮೊಗ್ಗ

ನನ್ನ ಮಗನಿಗೆ ಕನಸಲ್ಲಿ ಟಾಯ್ಲೆಟ್ ಸಿಗುತ್ತೆ ಮೇಡಂ, ಅದೇ ತೊಂದರೆ. 'ಬಚ್ಚಲಿಗೇ ಹೋಗಿದ್ದೆ ಅಮ್ಮಾ' ಅಂತಾನೆ, ಹಾಸಿಗೆ ಪೂರ್ತಿ ಒದ್ದೆ. ಅತ್ತೆ ಸುಳ್ಳು ಹೇಳ್ತಾನೆ ಅಂತ ಬೈತಾರೆ.

ವೈದ್ಯೆ, ಮೈಸೂರು

ಸುಳ್ಳಲ್ಲ. ಆದರೆ ಅವನು ಅಂದುಕೊಂಡ ಕ್ರಮ ತಿರುವುಮುರುವಾಗಿರಬಹುದು. ಮಕ್ಕಳ ನಿದ್ರೆಯನ್ನು ಯಂತ್ರ ಹಚ್ಚಿ ನೋಡಿದಾಗ, ಒದ್ದೆ ಮಾಡಿಕೊಳ್ಳುವುದು ಬಹುಪಾಲು ಕನಸಿನ ನಿದ್ರೆಯಲ್ಲಿ ಅಲ್ಲ ಅಂತ ಕಂಡಿದೆ. ಮೊದಲು ಹಾಸಿಗೆ ಒದ್ದೆ, ಆಮೇಲೆ ಬಂದ ಕನಸಿನೊಳಗೆ ಆ ಒದ್ದೆ ಸೇರಿಕೊಂಡಿದ್ದು. ಬೆಳಿಗ್ಗೆ ನೆನೆದರೆ ಕನಸೇ ಕಾರಣ ಅನ್ನಿಸುತ್ತೆ. ತಪ್ಪು ಅವನದಲ್ಲ, ಬೈದರೆ ವಾಸಿ ಆಗೋದೂ ಇಲ್ಲ. ಮಲಬದ್ಧತೆ, ಗೊರಕೆ ಇದೆಯಾ ನೋಡಿ. ಎಂದಾದರೂ ಆರು ತಿಂಗಳು ಒಣಗಿದ್ದು ಈಗ ಶುರುವಾಗಿದ್ದರೆ, ಜೊತೆಗೆ ನೀರಡಿಕೆಯೂ ಹೆಚ್ಚಿದ್ದರೆ, ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ.

ಶಿಕ್ಷಕಿ, ದಾವಣಗೆರೆ (ಆರು ದಿನದ ಮೇಲೆ)

ಹಳೇ ಮಿಕ್ಸಿ ಜಾರು ಇತ್ತು, ಅದರಲ್ಲೇ ಅಳೆದೆ, ಇನ್ನು ಅಡಿಗೆಮನೆಗೆ ಸೇರಿಸಲ್ಲ ಬಿಡಿ. ಮೂರು ದಿನದ ಸರಾಸರಿ ಒಟ್ಟು 1,650 ಮಿಲಿ. ಬೆಳಗಿನ ಜಾವದ್ದು 480, ರಾತ್ರಿಯ ಲೆಕ್ಕಕ್ಕೆ ಬಂದದ್ದು ಅದೊಂದೇ ಸಲ. ಶಾಲೆಯಲ್ಲಿ ಮಧ್ಯಾಹ್ನದವರೆಗೂ ನೀರು ಕುಡಿಯಲ್ಲ, ಅಲ್ಲಿನ ಟಾಯ್ಲೆಟ್ ಕಥೆ ಕೇಳಬೇಡಿ. ಮನೆಗೆ ಬಂದು ಕಾಫಿ, ಊಟಕ್ಕೆ ಮಜ್ಜಿಗೆ, ಮಲಗುವಾಗ ಥೈರಾಯ್ಡ್ ಮಾತ್ರೆಗೆ ಎರಡು ಲೋಟ ನೀರು.

ವೈದ್ಯೆ, ಮೈಸೂರು

ರಾತ್ರಿಯ ಪಾಲು ನೂರಕ್ಕೆ 29, ಮೂರರಲ್ಲಿ ಒಂದು ಪಾಲು ದಾಟಿಲ್ಲ. ಆದರೆ ಮೂತ್ರಕೋಶ ಹಿಡಿಯೋದು 400ರಿಂದ 500 ಮಿಲಿ ಅಂದುಕೊಳ್ಳಿ, ನೀವು ಅದನ್ನು ಕಂಠದವರೆಗೂ ತುಂಬಿಸಿ ಮಲಗಿರ್ತೀರಿ. ರೋಗ ಕಾಣ್ತಿಲ್ಲ, ವೇಳೆ ಏರುಪೇರಾಗಿದೆ. ಕುಡಿಯುವುದನ್ನು ಕಡಿಮೆ ಮಾಡಬೇಡಿ, ಬೆಳಿಗ್ಗೆ ಕಡೆಗೆ ಸರಿಸಿ. ಮಲಗುವ ಎರಡು ಗಂಟೆ ಮುಂಚೆಯಿಂದ ಗುಟುಕಿಗಿಂತ ಹೆಚ್ಚು ಬೇಡ. ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಬದಲಿಸಬಹುದಾ ಅಂತ ಬರೆದುಕೊಟ್ಟವರನ್ನೇ ಕೇಳಿ.

ಶಾಲೆಯ ಮಾತು ಬರೆದಿರಲ್ಲ, ನನಗೆ ಅದೇ ಕುತೂಹಲ. ದಿನವಿಡೀ ಎಚ್ಚರದಲ್ಲೇ 'ಇಲ್ಲಿ ಬೇಡ' ಅಂತ ಹಿಡಿದುಕೊಂಡವರಿಗೆ ಚಿಲಕವಿಲ್ಲದ ಬಾಗಿಲು ಕನಸಲ್ಲಿ ಬರೋದಕ್ಕೆ ಎಷ್ಟು ಹೊತ್ತು?

ಶಿಕ್ಷಕಿ, ದಾವಣಗೆರೆ (ಮೂರು ವಾರದ ಮೇಲೆ)

ಎರಡು ವಾರದಲ್ಲಿ ಎರಡೇ ಸಲ ಬಿತ್ತು. ಒಂದು ಸಲ ಒಳ್ಳೆ ಟಾಯ್ಲೆಟ್ಟೇ ಸಿಕ್ಕಿತು, ಚಿಲಕ ಹಾಕಿ ಹೋಗಿಯೂ ಬಂದೆ! ಹೊರಗೆ ಕಾಲಿಟ್ಟರೆ ಮತ್ತೆ ಅಷ್ಟೇ ಜೋರು. ಮತ್ತೆ ಹುಡುಕಾಟ. ಹಾಸಿಗೆ ಒಣಗೇ ಇತ್ತು.

ವೈದ್ಯೆ, ಮೈಸೂರು

ಹೋಗಿದ್ದು ಕನಸಿನಲ್ಲಿ, ತುಂಬಿದ್ದು ಮೈಯಲ್ಲಿ. ಒತ್ತಡ ಒಂದು ಹನಿಯೂ ಇಳಿದಿಲ್ಲ, ಕನಸು ಹೇಗೆ ತಾನೇ ಮುಗಿದೀತು?

ಶಿಕ್ಷಕಿ, ದಾವಣಗೆರೆ

ಇನ್ನೊಂದು ಸಲ ಎದ್ದು ಹೋದರೆ ಏನೂ ಬರಲೇ ಇಲ್ಲ ಡಾಕ್ಟ್ರೇ, ನಾಲ್ಕು ಹನಿ. ಮಲಗುವಾಗಲಷ್ಟೇ ಹೋಗಿದ್ದೆ, ಎದ್ದಾಗ ಗಂಟೆ ಒಂದು. ಆದರೂ ಅದೇ ಛತ್ರ, ಅದೇ ಬಾಳೆಎಲೆ.

ಮನಃಶಾಸ್ತ್ರ ಓದಿದವರು, ಧಾರವಾಡ

ಅವತ್ತು ಸಾಲಿಯೊಳಗ ಏನಾರ ಆಗಿತ್ತೇನ್ರೀ?

ಶಿಕ್ಷಕಿ, ದಾವಣಗೆರೆ

ಇನ್‌ಸ್ಪೆಕ್ಷನ್ ಇತ್ತು. ಸಾಹೇಬರಿಗೆ ಅಂತ ಶಿಕ್ಷಕರ ಟಾಯ್ಲೆಟ್ಟಿಗೆ ಬೆಳಿಗ್ಗೆಯಿಂದ ಬೀಗ ಹಾಕಿಟ್ಟಿದ್ದರು.